ಉದ್ದದ ಎಸಳು ಪಡುವಣಕ್ಕಿದೆ, ಕೊಟ್ಟಿಗೆ ಎಲ್ಲಿಡಲಿ?

ಪ್ರಶ್ನೆ: ಹೊನ್ನಾವರದ ಹತ್ತಿರ, ಕಡಲಿನಿಂದ ಅರ್ಧ ಕಿಲೋಮೀಟರ್ ಒಳಗೆ ಮನೆ ಕಟ್ಟಿಸುತ್ತಿದ್ದೇವೆ. ಯಾವ ದಿಕ್ಕಿನ ಗಾಳಿ ಎಷ್ಟೆಂದು ಹೂವಿನ ಎಸಳುಗಳ ಹಾಗೆ ತೋರಿಸುವ, ಒಂದು ವರ್ಷದ ವಿಂಡ್ ರೋಸ್ ಚಿತ್ರವನ್ನು ಇಂಜಿನಿಯರು ಕೊಟ್ಟಿದ್ದಾರೆ. ಪಶ್ಚಿಮಕ್ಕೆ ಉದ್ದದ ಎಸಳು, ಪೂರ್ವಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆಗ್ನೇಯದ ಕಡೆ ಬಹುತೇಕ ಖಾಲಿ. ಗಾಳಿ ಹೆಚ್ಚಾಗಿ ಪಶ್ಚಿಮದ್ದು, ಕೊಟ್ಟಿಗೆ ಮನೆಯ ಪೂರ್ವಕ್ಕಿರಲಿ ಅನ್ನುತ್ತಾರೆ ಅವರು. ಮೇಸ್ತ್ರಿ ವಾಸ್ತು ಪ್ರಕಾರ ವಾಯವ್ಯಕ್ಕೆ ಅನ್ನುತ್ತಾನೆ. ಯಾರ ಮಾತು ಕೇಳಲಿ? ಈ ಚಿತ್ರವನ್ನು ಓದುವುದಾದರೂ ಹೇಗೆ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಇಂಜಿನಿಯರು ಚಿತ್ರವನ್ನು ತಪ್ಪಾಗಿ ಓದಿದ್ದಾರೆ ಅನ್ನಲಾರೆ. ಆದರೆ ಅವರು ಓದಿದ್ದು ಹಗಲನ್ನು ಮಾತ್ರ. ನಿಮಗೆ ಕೊಟ್ಟಿಗೆಯ ವಾಸನೆ ಕಾಟ ಕೊಡುವುದು ರಾತ್ರಿ.

ಮೊದಲು ದಿಕ್ಕಿನ ಮಾತು. ಎಸಳು ಪಶ್ಚಿಮಕ್ಕೆ ಚಾಚಿದೆ ಅಂದರೆ ಗಾಳಿ ಪಶ್ಚಿಮಕ್ಕೆ ಹೋಗುತ್ತದೆ ಎಂದು ಎಷ್ಟೋ ಜನ ತಿಳಿಯುತ್ತಾರೆ, ಬಾಣದ ಗುರುತಿನ ಹಾಗೆ. ಅದು ಹಾಗಲ್ಲ. ಗಾಳಿ ಎಲ್ಲಿಂದ ಬರುತ್ತದೋ ಆ ದಿಕ್ಕಿಗೆ ಎಸಳು. ನಮ್ಮ ಭಾಷೆಯಲ್ಲಿ ಇದಕ್ಕೆ ಗೊಂದಲವೇ ಇಲ್ಲ: ಪಡುಗಾಳಿ ಅಂದರೆ ಪಡುವಣದಿಂದ ಬರುವ ಗಾಳಿ, ನೈಋತ್ಯ ಮುಂಗಾರು ಅಂದರೆ ನೈಋತ್ಯದಿಂದ ಬರುವ ಮುಂಗಾರು. ಇದನ್ನು ನಿಮ್ಮ ಇಂಜಿನಿಯರು ಸರಿಯಾಗಿಯೇ ಹಿಡಿದಿದ್ದಾರೆ. ಗಾಳಿ ಪಡುವಣದಿಂದ ಬಂದರೆ ವಾಸನೆ ಮೂಡಣಕ್ಕೆ ಹೋಗುತ್ತದೆ, ಹಾಗಾಗಿ ಕೊಟ್ಟಿಗೆ ಮನೆಯ ಮೂಡಣಕ್ಕೆ.

ಎಸಳಿನ ಉದ್ದ ಗಾಳಿಯ ವೇಗವಲ್ಲ. ಆ ದಿಕ್ಕಿನಿಂದ ಗಾಳಿ ಎಷ್ಟು ಹೊತ್ತು ಬೀಸಿತು ಎಂಬುದರ ಶೇಕಡಾವಾರು ಲೆಕ್ಕ ಅದು. ವೇಗ ಇರುವುದು ಬಣ್ಣದಲ್ಲಿ. ನೀವು ಚಿತ್ರವನ್ನು ಕಳಿಸಿಲ್ಲವಾದ್ದರಿಂದ ಲೆಕ್ಕಕ್ಕೆಂದು ನಾನೇ ಕೆಲವು ಸಂಖ್ಯೆ ಇಟ್ಟುಕೊಳ್ಳುತ್ತೇನೆ. ಇವು ಹೊನ್ನಾವರದ ಅಳತೆಗಳಲ್ಲ, ಬರೀ ಉದಾಹರಣೆ. ನಿಮ್ಮ ಚಿತ್ರದ ಸಂಖ್ಯೆ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿಕೊಳ್ಳಿ.

ಚಿತ್ರದಲ್ಲಿ ಒಂದರ ಸುತ್ತ ಒಂದು ಇರುವ ವೃತ್ತಗಳನ್ನು ಬಳೆ ಅನ್ನುತ್ತೇನೆ, ಒಂದೊಂದೂ ಒಂದು ಶೇಕಡಾ ಗುರುತು. ಪಶ್ಚಿಮದ ಎಸಳು ಶೇ 18ರ ಬಳೆಯನ್ನು ಮುಟ್ಟುತ್ತದೆ ಅಂದುಕೊಳ್ಳೋಣ. ವರ್ಷಕ್ಕೆ 8,760 ಗಂಟೆ. ಅದರ ಶೇ 18 ಅಂದರೆ ಸುಮಾರು 1,577 ಗಂಟೆ. ಈ ಎಸಳಿನಲ್ಲಿ ಒಳಗಿನಿಂದ ಹೊರಕ್ಕೆ ನಾಲ್ಕು ಬಣ್ಣ: ಸೆಕೆಂಡಿಗೆ 2 ಮೀಟರ್‌ಗಿಂತ ಕಡಿಮೆ ಶೇ 3, 2ರಿಂದ 4 ಮೀಟರ್ ಶೇ 8, 4ರಿಂದ 6 ಮೀಟರ್ ಶೇ 5, ಅದಕ್ಕೂ ಮೇಲೆ ಶೇ 2. ಇಲ್ಲಿ ಒಂದು ಕಡೆ ಎಡವುವವರಿದ್ದಾರೆ. ಹೊರಗಿನ ಬಣ್ಣ 18ರ ಬಳೆಯವರೆಗೆ ಹೋಗಿದೆ ಎಂದು ಜೋರು ಗಾಳಿಯೇ ಶೇ 18 ಎಂದು ಬರೆದುಕೊಳ್ಳುತ್ತಾರೆ. ಪ್ರತಿ ಬಣ್ಣಕ್ಕೂ ಅದರ ತುಂಡಿನ ಉದ್ದವೇ ಲೆಕ್ಕ: 16ರಿಂದ 18ರವರೆಗೆ, ಅಂದರೆ ಶೇ 2. ಎಸಳುಗಳನ್ನು ಹಲಸಿನ ತೊಳೆಯ ಹಾಗೆ ಹೊರಕ್ಕೆ ಅಗಲವಾಗಿ ಬಿಡಿಸಿದ್ದರೆ ಕಣ್ಣು ಇನ್ನೂ ಮೋಸ ಹೋಗುತ್ತದೆ. ಉದ್ದ ಎರಡು ಪಟ್ಟಾದರೆ ಬಣ್ಣ ತುಂಬಿದ ಜಾಗ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಬಳೆಯ ಸಂಖ್ಯೆ ಓದಿ, ಬಣ್ಣದ ರಾಶಿ ನೋಡಬೇಡಿ.

ಈಗ ಪೂರ್ವದ ಕಡೆ ಬನ್ನಿ. ಪೂರ್ವ ಶೇ 10, ಅದರ ಪಕ್ಕದ ಪೂರ್ವ-ಈಶಾನ್ಯ ಶೇ 6, ಈಶಾನ್ಯ ಶೇ 4 ಅಂದುಕೊಳ್ಳಿ. ಒಟ್ಟು ಶೇ 20, ಅಂದರೆ 1,752 ಗಂಟೆ. ನಡುವಿನ ಪುಟ್ಟ ವೃತ್ತದಲ್ಲಿ ಶೇ 15 ಎಂದಿದೆ ಅಂದುಕೊಳ್ಳಿ. ಅದು ಗಾಳಿಯೇ ಇಲ್ಲದ ಹೊತ್ತು, ಅದಕ್ಕೆ ದಿಕ್ಕಿಲ್ಲ. ಪೂರ್ವದ ಶೇ 10ರಲ್ಲಿ ಶೇ 8 ಅತಿ ತೆಳು ಬಣ್ಣದ್ದು, ಸೆಕೆಂಡಿಗೆ 2 ಮೀಟರ್‌ಗಿಂತ ಕಡಿಮೆ. ಉದ್ದ ಬಿಟ್ಟು ಬಣ್ಣ ನೋಡಿದರೆ ಇವೆರಡು ಬೇರೆ ಬೇರೆ ಜಾತಿಯ ಗಾಳಿ ಎಂಬುದು ಅಲ್ಲೇ ಕಾಣುತ್ತದೆ.

ಕರಾವಳಿಯಲ್ಲಿ ಹುಟ್ಟಿದವರಿಗೆ ಇದರ ಕಾರಣ ಹೊಸದೇನಲ್ಲ. ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ಕಾಯುವುದಿಲ್ಲ. ಬೆಳಗ್ಗೆ ಹನ್ನೊಂದರ ಆಸುಪಾಸು ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನ ಎರಡು-ಮೂರಕ್ಕೆ ಜೋರಾಗುತ್ತದೆ, ಹೊತ್ತು ಮುಳುಗಿದ ಮೇಲೆ ಸೋಲುತ್ತದೆ. ಭೂಮಿ ತಿರುಗುವ ಪರಿಣಾಮದಿಂದ ಸಂಜೆಯ ಹೊತ್ತಿಗೆ ಅದು ಪಡುವಣದಿಂದ ಮೆಲ್ಲಗೆ ವಾಯವ್ಯಕ್ಕೆ ವಾಲುತ್ತದೆ. ಚಳಿಗಾಲ, ಬೇಸಿಗೆಗಳಲ್ಲಿ ಕಡಲ ಮೇಲಿನ ಗಾಳಿಯೂ ಹೆಚ್ಚಾಗಿ ವಾಯವ್ಯದ್ದೇ ಆದ್ದರಿಂದ ಈ ವಾಲು ಇನ್ನಷ್ಟು ಎದ್ದು ಕಾಣುತ್ತದೆ. ರಾತ್ರಿ ಇದೆಲ್ಲ ತಲೆಕೆಳಗು. ನೆಲ ತಣಿಯುತ್ತದೆ, ತಣ್ಣನೆಯ ಭಾರದ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುತ್ತದೆ. ಹೊನ್ನಾವರದಲ್ಲಿ ಶರಾವತಿಯ ಕಣಿವೆ ಅದಕ್ಕೆ ಸಿದ್ಧವಾದ ದಾರಿ. ಇದೇ ನೆಲಗಾಳಿ, ಮೂಡುಗಾಳಿ. ಕಡಲ ಗಾಳಿಯ ಮುಂದೆ ಇದು ಬಡಪಾಯಿ, ತೆಂಗಿನ ಗರಿಯೂ ಅಲುಗಿತೋ ಇಲ್ಲವೋ ಅನ್ನಿಸುವಷ್ಟು.

ವರ್ಷದ ವಿಂಡ್ ರೋಸ್ ಈ ಎರಡನ್ನೂ, ಮಳೆಗಾಲದ ಗಾಳಿಯನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತದೆ. ಗಂಟೆಯೂ ತಿಂಗಳೂ ಅದರಲ್ಲಿ ಅಳಿಸಿಹೋಗುತ್ತವೆ. ನಾವು ಅದನ್ನು ಬಿಡಿಸಬೇಕು. ಅಕ್ಟೋಬರಿನಿಂದ ಮೇವರೆಗೆ 243 ದಿನ. ದಿನಕ್ಕೆ ಹನ್ನೆರಡು ಗಂಟೆ ರಾತ್ರಿ ಎಂದರೆ 2,916 ಗಂಟೆ. ಪೂರ್ವದ ಕಡೆಯ 1,752 ಗಂಟೆಗಳು ಬಹುಪಾಲು ಬೀಳುವುದು ಈ ರಾತ್ರಿಗಳಲ್ಲೇ. ಪೂರ್ತಿ ಇಲ್ಲೇ ಎಂದು ಒರಟಾಗಿ ಹಿಡಿದರೆ 1,752 ಭಾಗಿಸು 2,916, ಅಂದರೆ ಶೇ 60. ಚಿತ್ರದಲ್ಲಿ ಐದರಲ್ಲಿ ಒಂದು ಪಾಲಾಗಿ ಕಂಡ ಗಾಳಿ, ನೀವು ಕಿಟಕಿ ತೆರೆದು ಮಲಗುವ ರಾತ್ರಿಗಳ ಅರ್ಧಕ್ಕಿಂತ ಹೆಚ್ಚನ್ನು ಆಳುತ್ತದೆ. ನೆಲಗಾಳಿ ಬೆಳಗ್ಗೆ ಒಂಬತ್ತರವರೆಗೂ ಎಳೆಯುವುದುಂಟು, ಮಳೆಗಾಲದ ಬಿಡುವಿನಲ್ಲಿ ಕೆಲವು ರಾತ್ರಿ ಬರುವುದೂ ಉಂಟು. ಅವನ್ನು ಕಳೆದು ಶೇ 45 ಎಂದರೂ ತೀರ್ಮಾನ ಬದಲಾಗುವುದಿಲ್ಲ.

ವಾಸನೆಯ ಲೆಕ್ಕದಲ್ಲಿ ಗಂಟೆಗಳಷ್ಟೇ ಅಲ್ಲ, ವೇಗವೂ ಬರುತ್ತದೆ, ಅದೂ ಉಲ್ಟಾ. ಕೊಟ್ಟಿಗೆಯಿಂದ ಪ್ರತಿ ಸೆಕೆಂಡಿಗೆ ಹೊರಡುವ ವಾಸನೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿ ಸೆಕೆಂಡಿಗೆ 4 ಮೀಟರ್ ಓಡಿದರೆ ಅದು ನಾಲ್ಕು ಮೀಟರ್ ಉದ್ದದ ಗಾಳಿಯಲ್ಲಿ ಹರಡುತ್ತದೆ, 1 ಮೀಟರ್ ಓಡಿದರೆ ಒಂದೇ ಮೀಟರಿನಲ್ಲಿ. ಅಲ್ಲಿಗೇ ನಾಲ್ಕು ಪಟ್ಟು ದಟ್ಟ. ಸಾಲದ್ದಕ್ಕೆ ಹಗಲು ಕಾದ ನೆಲ ಗಾಳಿಯನ್ನು ಮೇಲೆ ಕೆಳಗೆ ಕದಡುತ್ತಿರುತ್ತದೆ. ರಾತ್ರಿ ತಣ್ಣನೆಯ ಗಾಳಿ ನೆಲಕ್ಕಂಟಿ ಮಲಗಿರುತ್ತದೆ, ಮೇಲಿನದರೊಂದಿಗೆ ಬೆರೆಯುವುದೇ ಇಲ್ಲ. ಚಳಿಗಾಲದ ಬೆಳಗಿನಲ್ಲಿ ಬಚ್ಚಲೊಲೆಯ ಹೊಗೆ ಹೆಂಚಿನ ಮಟ್ಟದಲ್ಲೇ ಅಡ್ಡಡ್ಡ ಹರಿಯುವುದನ್ನು ನೋಡಿರುತ್ತೀರಿ, ಅದೇ ಇದು. ಆದ್ದರಿಂದ ಇಂಥ ಪ್ರಶ್ನೆಗೆ ಉದ್ದದ ಎಸಳಿನ ಗಾಢ ಬಣ್ಣ ನೋಡಿ ಪ್ರಯೋಜನವಿಲ್ಲ. ತೆಳು ಬಣ್ಣದ ತುಂಡುಗಳು ಯಾವ ದಿಕ್ಕಿನಲ್ಲಿವೆ ಎಂದು ಹುಡುಕಬೇಕು. ಕೊಟ್ಟಿಗೆ ಪೂರ್ವಕ್ಕಿಟ್ಟರೆ ಹಗಲೆಲ್ಲ ಸುಖ, ರಾತ್ರಿ ಹತ್ತರ ಮೇಲೆ ಗಂಜಲದ ವಾಸನೆ ನೇರ ಮಲಗುವ ಕೋಣೆಗೆ.

ವಾಯವ್ಯವೂ ಬೇಡ. ಮೇಸ್ತ್ರಿಯ ವಾಸ್ತು ಬೇರೆಲ್ಲಿ ಹೊಂದುತ್ತದೋ ನನಗೆ ಗೊತ್ತಿಲ್ಲ; ಈ ಕರಾವಳಿಯಲ್ಲಿ ವಾಯವ್ಯ ಅಂದರೆ ಬೇಸಿಗೆಯ ಸಂಜೆಗಳಲ್ಲಿ ನಿಮಗೆ ಬೇಕೇ ಬೇಕಾದ ತಂಗಾಳಿ ಬರುವ ಬಾಗಿಲು. ಅಲ್ಲಿ ಕೊಟ್ಟಿಗೆ ಕಟ್ಟಿದರೆ ಕಿಟಕಿ ತೆರೆಯಲು ಮನಸ್ಸಾಗದು.

ನಿಮ್ಮ ಚಿತ್ರವೇ ಉತ್ತರ ಹೇಳುತ್ತಿದೆ: ಆಗ್ನೇಯ ಖಾಲಿ. ಹಗಲಿನ ಗಾಳಿ ಪಡುವಣ-ವಾಯವ್ಯದ್ದು, ರಾತ್ರಿಯದು ಮೂಡಣ-ಈಶಾನ್ಯದ್ದು, ಮಳೆಗಾಲದ್ದು ಪಡುವಣ-ನೈಋತ್ಯದ್ದು. ಮೂರೂ ಬಿಟ್ಟ ಮೂಲೆ ಆಗ್ನೇಯ. ಜಾಗದ ಅಂಚಿನವರೆಗೆ ಆ ಕಡೆ ಹೋಗಿ ಕಟ್ಟಿ, ಗೊಬ್ಬರಗುಂಡಿ ಕೊಟ್ಟಿಗೆಯ ಆಚೆ ಬದಿಗಿರಲಿ. ಒಂದು ತೊಡಕಿದೆ. ವೃತ್ತದೊಳಗಿನ ಶೇ 15, ಅಂದರೆ 1,314 ಗಂಟೆ, ಅದೂ ಬಹುಪಾಲು ರಾತ್ರಿಯದೇ. ವರ್ಷದ ಎಲ್ಲ ರಾತ್ರಿ ಸೇರಿ 4,380 ಗಂಟೆಯಾದರೆ, ಅದರಲ್ಲಿ ಶೇ 30 ಹೊತ್ತು ಗಾಳಿ ನಿಂತೇ ಇರುತ್ತದೆ. ಆಗ ವಾಸನೆ ಯಾವ ದಿಕ್ಕಿಗಾದರೂ ತೇಲಬಹುದು, ನೆಲದ ಇಳಿಜಾರು ಇದ್ದ ಕಡೆ ಜಾರಬಹುದು. ಅದಕ್ಕೆ ದೂರವೊಂದೇ ಮದ್ದು. ಕೊಟ್ಟಿಗೆಯ ನೆಲ ಮನೆಯ ನೆಲಕ್ಕಿಂತ ಎತ್ತರದಲ್ಲಿ ಇರದಂತೆ ನೋಡಿಕೊಳ್ಳಿ. ಮನೆಯ ಆಗ್ನೇಯಕ್ಕೆ ಪಕ್ಕದವರ ಜಗಲಿ ಇದ್ದರಂತೂ ಈ ಸಲಹೆಯನ್ನು ಅವರ ಕಡೆಯಿಂದಲೂ ಒಮ್ಮೆ ಯೋಚಿಸಿ. ನಿಮ್ಮ ಖಾಲಿ ಎಸಳು ಅವರಿಗೆ ಉದ್ದದ ಎಸಳಾಗಿರುತ್ತದೆ.

ಇಷ್ಟೆಲ್ಲ ಚಿತ್ರ ನಿಜ ಎಂದು ನಂಬಿ ಹೇಳಿದ್ದು. ನಂಬುವ ಮೊದಲು ಇಂಜಿನಿಯರನ್ನು ಕೇಳಬೇಕಾದ ಪ್ರಶ್ನೆ: ಈ ಅಂಕಿಗಳು ಎಲ್ಲಿಯವು? ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ಕೇಂದ್ರವೇ ಇದೆ. ಆದರೆ ಜಾಲತಾಣಗಳಲ್ಲಿ ಊರಿನ ಹೆಸರು ಬಡಿದರೆ ಬರುವ ಚಿತ್ರಗಳು ಹೆಚ್ಚಾಗಿ ಅಳೆದವಲ್ಲ, ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದವು. ಅಂಥ ಮಾದರಿಯಲ್ಲಿ ಒಂದು ಚೌಕ ಇಪ್ಪತ್ತೈದು-ಮೂವತ್ತು ಕಿಲೋಮೀಟರ್ ಅಗಲವಿರುವುದು ಸಾಮಾನ್ಯ. ಕರಾವಳಿಯಲ್ಲಿ ಆ ಒಂದು ಚೌಕದೊಳಗೇ ಅರ್ಧ ಕಡಲು, ಅರ್ಧ ತೋಟ ಬರುತ್ತದೆ. ನೆಲಗಾಳಿಯಂಥ ಸೂಕ್ಷ್ಮ ಅದರಲ್ಲಿ ಮಸುಕಾಗುತ್ತದೆ. ಪತ್ತೆ ಮಾಡುವುದು ಸುಲಭ: ನಡುವಿನ ವೃತ್ತದಲ್ಲಿ ಸೊನ್ನೆ ಅಥವಾ ಸೊನ್ನೆಗೆ ತೀರ ಹತ್ತಿರದ ಸಂಖ್ಯೆ ಇದ್ದರೆ ಮಾದರಿಯದೆಂದು ಅನುಮಾನಿಸಿ. ಮಾದರಿಯ ಗಾಳಿ ಪೂರ್ತಿ ನಿಲ್ಲುವುದೇ ಇಲ್ಲ. ಅಳೆಯುವ ಬಟ್ಟಲಿನ ಯಂತ್ರಕ್ಕಾದರೆ ತಿರುಗಲು ಒಂದಿಷ್ಟು ಗಾಳಿ ಬೇಕು, ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಅದು ನಿಂತುಬಿಡುತ್ತದೆ. ಇನ್ನೊಂದು ತುದಿಗೆ, ವೃತ್ತದಲ್ಲಿ ಶೇ 40, 50 ಎಂದಿದ್ದರೆ ಉಪ್ಪುಗಾಳಿಗೆ ಯಂತ್ರದ ಬೇರಿಂಗ್ ಬಿಗಿದಿದೆಯೋ, ಸುತ್ತ ತೆಂಗು ಬೆಳೆದು ಗಾಳಿ ತಡೆದಿದೆಯೋ ಎಂದು ಕೇಳಬೇಕು. ನಿಯಮದ ಪ್ರಕಾರ ಯಂತ್ರ 10 ಮೀಟರ್ ಎತ್ತರದಲ್ಲಿ, ಸುತ್ತಲಿನ ಮರ-ಕಟ್ಟಡಗಳಿಂದ ಅವುಗಳ ಎತ್ತರದ ಹತ್ತು ಪಟ್ಟು ದೂರದಲ್ಲಿ ಇರಬೇಕು. ನಿಮ್ಮ ಕಿಟಕಿ ಇರುವುದು ಒಂದೂವರೆ ಮೀಟರಿನಲ್ಲಿ, ತೋಟದ ನಡುವೆ. ಚಿತ್ರದ ವೇಗ ಅಲ್ಲಿ ಸಿಗುವುದಿಲ್ಲ.

ಪಶ್ಚಿಮ, ಪೂರ್ವದ ಎಸಳುಗಳು ಮಾತ್ರ ಎದ್ದು ನಿಂತು, ಅವುಗಳ ಎರಡೂ ಪಕ್ಕದವು ತಟ್ಟನೆ ಕುಳ್ಳಗಾಗಿದ್ದರೆ ಇನ್ನೊಂದು ಅನುಮಾನ ಪಡಬೇಕು. ಇದು ನನಗೆ ಬಹಳ ಇಷ್ಟದ ಪತ್ತೇದಾರಿ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿಮಾನ ನಿಲ್ದಾಣಗಳ ವರದಿಯಂಥ ಕಡೆ ದಿಕ್ಕನ್ನು ಹತ್ತು ಹತ್ತು ಡಿಗ್ರಿಗೆ ಸರಿಮಾಡಿ ಬರೆಯುತ್ತಾರೆ: 250, 260, 270 ಹೀಗೆ; ಉತ್ತರದಿಂದ ಬಲಸುತ್ತಾಗಿ ಎಣಿಸಿದರೆ 270 ಅಂದರೆ ನೇರ ಪಶ್ಚಿಮ. ಚಿತ್ರದಲ್ಲಿ ಹದಿನಾರು ಎಸಳಿದ್ದರೆ ಒಂದೊಂದರ ಅಗಲ 22.5 ಡಿಗ್ರಿ. ಪಶ್ಚಿಮದ ಎಸಳು 258.75ರಿಂದ 281.25ರವರೆಗೆ, ಅದರೊಳಗೆ 260, 270, 280 ಎಂಬ ಮೂರು ಸಂಖ್ಯೆ ಬೀಳುತ್ತವೆ. ಪಕ್ಕದ ಪಶ್ಚಿಮ-ವಾಯವ್ಯಕ್ಕೆ 290, 300 ಎರಡೇ. ಹೀಗೆ ನಾಲ್ಕು ಮೂಲ ದಿಕ್ಕುಗಳಿಗೆ ಮೂರು ಮೂರು, ಉಳಿದ ಹನ್ನೆರಡಕ್ಕೆ ಎರಡೆರಡು. ಗಾಳಿ ಎಲ್ಲ ಕಡೆಯಿಂದಲೂ ಒಂದೇ ಸಮ ಬೀಸಿದ್ದರೂ ಪಶ್ಚಿಮದ ಎಸಳು ಪಕ್ಕದವಕ್ಕಿಂತ ಒಂದೂವರೆ ಪಟ್ಟು ಉದ್ದ ಬರುತ್ತದೆ. ಅದೇ ಅಂಕಿಗಳನ್ನು ಹನ್ನೆರಡು ಎಸಳಿಗೆ ಹಂಚಿ ಬಿಡಿಸಿದರೆ ಎಲ್ಲದಕ್ಕೂ ಮೂರು ಮೂರು ಸಿಕ್ಕು ಈ ಉಬ್ಬು ಮಾಯವಾಗುತ್ತದೆ. ಮೇಲೆ ನಾನು ಪೂರ್ವದ ಮೂರು ಎಸಳನ್ನು ಕೂಡಿಸಿ ಲೆಕ್ಕ ಹಾಕಿದ್ದಕ್ಕೆ ಒಂದು ಕಾರಣ ಇದೇ: ಕೂಡಿಸಿದಾಗ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ.

ಸಾಧ್ಯವಾದರೆ ಚಿತ್ರದ ಬದಲು ಗಂಟೆಗಂಟೆಯ ಅಂಕಿಗಳ ಕಡತವನ್ನೇ ಕೇಳಿ ಪಡೆದು, ನಾಲ್ಕು ರೋಸ್ ಬಿಡಿಸಿಕೊಡಲು ಹೇಳಿ: ಅಕ್ಟೋಬರ್-ಮೇ ಹಗಲು, ಅದೇ ತಿಂಗಳುಗಳ ರಾತ್ರಿ, ಜೂನ್-ಸೆಪ್ಟೆಂಬರ್ ಹಗಲು, ರಾತ್ರಿ. ಸ್ಪ್ರೆಡ್‌ಶೀಟ್ ಬಲ್ಲವರಿಗೆ ಅರ್ಧ ದಿನದ ಕೆಲಸ. ಬಿಡಿಸುವಾಗ ಸಮಯದ ಕಾಲಂ ಮೇಲೆ ಕಣ್ಣಿರಲಿ. ಅಲ್ಲಿ `UTC` ಎಂದಿದ್ದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹಿಂದೊಮ್ಮೆ ಒಂದು ಗೇರುಬೀಜದ ಕಾರ್ಖಾನೆಯ ಹೊಗೆ ಕೊಳವೆಗೆ ಜಾಗ ನೋಡುವಾಗ ನಾನೇ ಇದನ್ನು ಗಮನಿಸದೆ ಹಗಲು ರಾತ್ರಿಯನ್ನು ಕಲಸಿಬಿಟ್ಟಿದ್ದೆ. ಕಡಲ ಗಾಳಿ ಬೆಳಗ್ಗೆ ಐದೂವರೆಗೆ ಏಳುತ್ತಿದೆ ಎಂದು ಕಾಗದ ಹೇಳಿತು. ಸೂರ್ಯ ಹುಟ್ಟುವ ಮೊದಲೇ ನೆಲ ಕಾಯುವುದು ಹೇಗೆ ಎಂದು ಅಲ್ಲಿನ ಕಾವಲುಗಾರ ಕೇಳಿದ ಮೇಲೆ ನನಗೆ ಹೊಳೆದದ್ದು. ನಿಮ್ಮ ಕಡತದಲ್ಲೂ ಜನವರಿಯ ಒಂದು ವಾರ ತೆಗೆದು ಪಡುಗಾಳಿ ಎಷ್ಟು ಗಂಟೆಗೆ ಶುರುವಾಗುತ್ತದೆ ನೋಡಿ. ಹನ್ನೊಂದರ ಹತ್ತಿರ ಇದ್ದರೆ ಸರಿ.

ಕಿಟಕಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಈ ನಾಲ್ಕು ರೋಸ್ ಕೈಯಲ್ಲಿದ್ದರೆ ಅದನ್ನೂ ಇದರಲ್ಲೇ ತೀರಿಸಿಕೊಳ್ಳಿ. ಪಡುವಣದ ಆ ಉದ್ದದ ಎಸಳಿನಲ್ಲಿ ಏಪ್ರಿಲ್ ಮಧ್ಯಾಹ್ನದ ತಂಗಾಳಿಯೂ ಜುಲೈಯ ಇರಚಲು ಮಳೆಯೂ ಒಟ್ಟಿಗೆ ಇವೆ. ಹಳಬರು ಮಳೆಗಾಲ ಹತ್ತಿರ ಬಂದಾಗ ಮನೆಯ ಪಡುವಣ, ತೆಂಕಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಆ ಇರಚಲಿಗೇ. ಋತು ಬಿಡಿಸಿ ನೋಡಿದರೆ ಬೇಸಿಗೆಯ ಗಾಳಿ ಪಡುವಣದಿಂದ ವಾಯವ್ಯದ ಕಡೆಗೂ, ಮಳೆಗಾಲದ್ದು ಪಡುವಣದಿಂದ ನೈಋತ್ಯದ ಕಡೆಗೂ ಚಾಚಿರುತ್ತದೆ. ಹಾಗಾಗಿ ದೊಡ್ಡ ಕಿಟಕಿಯನ್ನು ಪಡುಗೋಡೆಯ ನಡುವೆ ಇಡುವ ಬದಲು ಮನೆಯ ವಾಯವ್ಯ ಮೂಲೆಗೆ, ಬಡಗಣ ಗೋಡೆಗೆ ಸರಿಸಿದರೆ ತಂಗಾಳಿಯ ಬಹುಪಾಲು ಸಿಗುತ್ತದೆ, ಇರಚಲು ಕಡಿಮೆ. ಎದುರಿಗೆ ಪೂರ್ವದಲ್ಲೊಂದು ಕಿಟಕಿ ಇದ್ದರೆ ಹಗಲು ಗಾಳಿ ಅದರಿಂದ ಹೊರಹೋಗುತ್ತದೆ, ರಾತ್ರಿ ಅದರಿಂದಲೇ ಒಳಬರುತ್ತದೆ. ಕೊಟ್ಟಿಗೆ ಪೂರ್ವಕ್ಕೆ ಬೇಡ ಅಂದದ್ದು ಈ ಕಿಟಕಿಗಾಗಿಯೂ ಹೌದು.

ಒಂದಕ್ಕೆ ಮಾತ್ರ ಈ ಚಿತ್ರವನ್ನು ಬಳಸಬೇಡಿ: ಮಾಡಿನ ಗಟ್ಟಿತನಕ್ಕೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತಲ್ಲ, ಅಂಥ ಒಂದು ಇಡೀ ದಿನದ ಗಾಳಿಯೂ ವರ್ಷದ ರೋಸಿನಲ್ಲಿ 24 ಭಾಗಿಸು 8,760, ಅಂದರೆ ಶೇ 0.3ಕ್ಕಿಂತ ಕಡಿಮೆ, ಬಳೆಗಳ ನಡುವೆ ಒಂದು ಕೂದಲೆಳೆ. ಗಂಟೆಯ ಸರಾಸರಿಯಲ್ಲಿ ಬೀಸುಗಾಳಿಯ ಹೊಡೆತವಂತೂ ಕಾಣುವುದೇ ಇಲ್ಲ. ಹೆಂಚು, ಶೀಟುಗಳ ಬಿಗಿತಕ್ಕೆ ಇಂಜಿನಿಯರು ಕಟ್ಟಡಗಳ ಮೇಲಿನ ಭಾರಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಗಾಳಿವೇಗ ಹಿಡಿದು ಲೆಕ್ಕ ಹಾಕಬೇಕು.

ಕೊಟ್ಟಿಗೆಗೆ ಪಾಯ ತೋಡುವ ಮೊದಲು ಇನ್ನೊಂದು ಕೆಲಸ, ಖರ್ಚಿಲ್ಲದ್ದು. ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ಜಾಗದಲ್ಲಿ ಆಳೆತ್ತರದ ಕೋಲು ನೆಟ್ಟು ತುದಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಒಂದು ವಾರ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತಕ್ಕೆ ಪಟ್ಟಿ ಯಾವ ಕಡೆಗೆ ಹಾರುತ್ತಿದೆ ನೋಡಿ, ಅದರ ಎದುರು ದಿಕ್ಕನ್ನು ಬರೆದುಕೊಳ್ಳಿ. ರಾತ್ರಿ ಪಟ್ಟಿ ಅಲುಗದಿದ್ದರೆ ಊದುಬತ್ತಿ ಹಚ್ಚಿ ಹಿಡಿಯಿರಿ. ಆ ಹೊಗೆ ನಿಮ್ಮ ಮಲಗುವ ಕೋಣೆ ಬರಲಿರುವ ಜಾಗದ ಕಡೆಗೆ ಹೊರಟರೆ ನೀವು ನಿಂತಿರುವಲ್ಲಿ ಕೊಟ್ಟಿಗೆ ಬೇಡ.